ದುಬೈ ಫ್ಯಾಮಿಲಿ ವೀಸಾ: ಮದುವೆ ಸರ್ಟಿಫಿಕೇಟಿಗೆ ಯಾವ ಮುದ್ರೆ ಮೊದಲು, ಅನುವಾದ ಯಾವಾಗ?

ಪ್ರಶ್ನೆ: ನನ್ನ ಯಜಮಾನರು ದುಬೈನಲ್ಲಿ ಅಕೌಂಟೆಂಟ್. ಸಂಬಳ ತಿಂಗಳಿಗೆ 5,500 ದಿರ್ಹಮ್, ಸದ್ಯ ಬೆಡ್ ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಹಾಸಿಗೆ ಬಾಡಿಗೆ ಹಿಡಿದು, ಇದ್ದಾರೆ. ಮದುವೆ ದೇವಸ್ಥಾನದಲ್ಲಿ ಆಗಿ, ಆಮೇಲೆ ಕುಂದಾಪುರದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದೇವೆ. ಸರ್ಟಿಫಿಕೇಟ್ ಕನ್ನಡದಲ್ಲಿದೆ, ಅದರಲ್ಲಿ ನನ್ನ ಹೆಸರಿನ ಹಿಂದೆ ತಂದೆಯ ಇನಿಷಿಯಲ್ ಇದೆ. ಪಾಸ್‌ಪೋರ್ಟಿನಲ್ಲಿ ಹೆಸರು ಮಾತ್ರ, ಸರ್‌ನೇಮ್ ಜಾಗ ಖಾಲಿ. ಅಪಾಸ್ಟಿಲ್, ಅರೇಬಿಕ್ ಅನುವಾದ ಎರಡನ್ನೂ ಇಲ್ಲೇ ಮುಗಿಸಿಕೊಡುತ್ತೇವೆ ಎಂದು ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಮಾಡಿಸಬಹುದೇ? ನನ್ನನ್ನು ಕರೆಸಿಕೊಳ್ಳಲು ಇನ್ನೇನು ಬೇಕು?

ಉತ್ತರ: ಎರಡನ್ನೂ ಈಗ ಮಾಡಿಸಬೇಡಿ. ಅಪಾಸ್ಟಿಲ್ ಎಂಬ ಮುದ್ರೆ ಯುಎಇಯಲ್ಲಿ ನಡೆಯುವುದಿಲ್ಲ, ಭಾರತದಲ್ಲಿ ಮಾಡಿಸಿದ ಅರೇಬಿಕ್ ಅನುವಾದವನ್ನು ಅಲ್ಲಿನ ವಲಸೆ ಇಲಾಖೆ ಒಪ್ಪುವುದಿಲ್ಲ. ಯಾವ ಮುದ್ರೆಗೂ ಅನುವಾದಕ್ಕೂ ಹಣ ಕೊಡುವ ಮೊದಲು ನಿಮ್ಮ ಪಾಸ್‌ಪೋರ್ಟ್ ಸರಿಯಾಗಬೇಕು. ಮುಂದೆ ತಯಾರಾಗುವ ಪ್ರತಿಯೊಂದು ಕಾಗದದಲ್ಲಿಯೂ ನಿಮ್ಮ ಹೆಸರಿನ ಅಕ್ಷರಗಳನ್ನು ಪಾಸ್‌ಪೋರ್ಟ್ ನೋಡಿಯೇ ಬರೆಯಲಾಗುತ್ತದೆ. ಆದ್ದರಿಂದ ಪಾಸ್‌ಪೋರ್ಟಿನಿಂದಲೇ ಆರಂಭಿಸುತ್ತೇನೆ.

ಒಂದೇ ಹೆಸರಿರುವ ಪಾಸ್‌ಪೋರ್ಟಿನ ವಿಷಯದಲ್ಲಿ ಯುಎಇ 2022ರ ನವೆಂಬರಿನಲ್ಲಿ ನಿಯಮವನ್ನು ಬಿಗಿಗೊಳಿಸಿತು. ಸರ್‌ನೇಮ್ ಅಥವಾ ಗಿವನ್ ನೇಮ್, ಇವುಗಳಲ್ಲಿ ಒಂದು ಜಾಗ ಖಾಲಿಯಿದ್ದವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ವಿಮಾನಯಾನ ಸಂಸ್ಥೆಗಳಿಗೆ ಸೂಚನೆ ಬಂತು. ರೆಸಿಡೆನ್ಸಿ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಇರುವವರಿಗೆ, ಅದೇ ಹೆಸರನ್ನು ಎರಡೂ ಜಾಗದಲ್ಲಿ ನಮೂದಿಸಿಕೊಂಡಿದ್ದರೆ, ವಿನಾಯಿತಿಯನ್ನು ಕೊಡಲಾಯಿತು. ನಮ್ಮ ಕಡೆ ಊರಿನ ಅಥವಾ ತಂದೆಯ ಇನಿಷಿಯಲ್ ಇಟ್ಟುಕೊಂಡು, ಮನೆತನದ ಹೆಸರನ್ನು ಬಳಸದೆ ಬದುಕುವವರು ಲಕ್ಷಾಂತರ ಮಂದಿ ಇರುವುದರಿಂದ ಈ ತೊಡಕು ಕರ್ನಾಟಕ ಮತ್ತು ತಮಿಳುನಾಡಿನವರಿಗೆ ಹೆಚ್ಚಾಗಿ ತಟ್ಟಿತು. ವಿನಾಯಿತಿಯನ್ನು ನಂಬಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ವಾದ ಮಾಡುವ ಸ್ಥಿತಿ ನಿಮಗೆ ಬರಬಾರದು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ವಿವರ ಬದಲಾವಣೆಯ ಕಾರಣ ನೀಡಿ ರೀಇಶ್ಯೂಗೆ ಅರ್ಜಿ ಹಾಕಿ. 36 ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ.

ಸರ್‌ನೇಮ್ ಜಾಗದಲ್ಲಿ ಏನು ಬರೆಸಬೇಕು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಮದುವೆಯಾದ ಮೇಲೆ ಗಂಡನ ಹೆಸರನ್ನೇ ಸೇರಿಸಬೇಕೆಂದು ಭಾರತದ ಕಾನೂನು ಹೇಳುವುದಿಲ್ಲ, ಯುಎಇ ಕೂಡ ಅದನ್ನು ಕೇಳುವುದಿಲ್ಲ. ನಿಮ್ಮ ಪ್ರಕರಣದಲ್ಲಿ ತಂದೆಯ ಹೆಸರನ್ನು ಬರೆಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನೋಂದಣಿ ಸರ್ಟಿಫಿಕೇಟಿನಲ್ಲಿ ವಧುವಿನ ತಂದೆಯ ಹೆಸರು ಇದ್ದೇ ಇರುತ್ತದೆ, ಹೆಸರಿನ ಹಿಂದಿರುವ ಇನಿಷಿಯಲ್ ಕೂಡ ಅದರದ್ದೇ. ಹೀಗಾಗಿ ಪಾಸ್‌ಪೋರ್ಟಿನಲ್ಲಿರುವ ಎರಡು ಭಾಗದ ಹೆಸರಿಗೂ ಸರ್ಟಿಫಿಕೇಟಿನಲ್ಲಿರುವ ಇನಿಷಿಯಲ್ ಸಹಿತ ಹೆಸರಿಗೂ ಇರುವ ಸಂಬಂಧ ಆ ಒಂದೇ ಕಾಗದದಿಂದ ಗೊತ್ತಾಗುತ್ತದೆ. ಗಂಡನ ಮನೆತನದ ಹೆಸರನ್ನು ಬರೆಸಿದರೆ ಈ ಕೊಂಡಿ ತಪ್ಪಿ, ವಿವರಣೆ ಕೊಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಇನ್ನೂ ಖಚಿತವಾಗಿರಬೇಕೆಂದರೆ, ಹೊಸ ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅದನ್ನೂ ತಂದೆಯ ಹೆಸರಿರುವ ಶಾಲಾ ದಾಖಲೆಯನ್ನೂ ಇಟ್ಟು, ಸರ್ಟಿಫಿಕೇಟಿನಲ್ಲಿ ಪೂರ್ಣ ಹೆಸರನ್ನು ನಮೂದಿಸಿಕೊಡಲು ಸಾಧ್ಯವೇ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಟ್ಟು ವಿಚಾರಿಸಿ. ಸರ್ಟಿಫಿಕೇಟನ್ನು ಇಂಗ್ಲಿಷಿನಲ್ಲಿ ಅಥವಾ ಎರಡೂ ಭಾಷೆಗಳಲ್ಲಿ ಕೊಡಲು ಬರುತ್ತದೆಯೇ ಎಂದೂ ಅಲ್ಲಿಯೇ ಕೇಳಿ, ಕೊಟ್ಟರೆ ಒಂದು ಅನುವಾದದ ಕೆಲಸವೇ ತಪ್ಪುತ್ತದೆ. ಈ ಎಲ್ಲ ತಿದ್ದುಪಡಿ ಮೊದಲ ಮುದ್ರೆ ಬೀಳುವುದಕ್ಕಿಂತ ಮುಂಚೆಯೇ ಆಗಬೇಕು. ಮುದ್ರೆಗಳೆಲ್ಲ ಬಿದ್ದ ಮೇಲೆ ಒಂದಕ್ಷರ ತಿದ್ದಬೇಕಾದರೂ ಹೊಸ ಸರ್ಟಿಫಿಕೇಟ್ ತೆಗೆದು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಎರಡೂ ಹೆಸರಿನವರು ಒಬ್ಬರೇ ಎಂದು ನೋಟರಿ ಮುಂದೆ ಮಾಡಿಸುವ ಅಫಿಡವಿಟ್ ನಮ್ಮ ಬ್ಯಾಂಕಿನಲ್ಲಿ ನಡೆಯಬಹುದು. ದುಬೈಗೆ ಹೋದರೆ ಅದೂ ಒಂದು ಭಾರತೀಯ ದಾಖಲೆಯಾಗಿ, ಅದಕ್ಕೂ ಅಷ್ಟೇ ಮುದ್ರೆಗಳು ಬೇಕಾಗುತ್ತವೆ.

ಈಗ ಅಪಾಸ್ಟಿಲ್ ವಿಷಯ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಸರ್ಕಾರಿ ದಾಖಲೆಗಳನ್ನು ಒಂದೇ ಮುದ್ರೆಯ ಮೇಲೆ ಒಪ್ಪಿಕೊಳ್ಳುತ್ತವೆ. ಆ ಮುದ್ರೆಯೇ ಅಪಾಸ್ಟಿಲ್. ಭಾರತ 2005ರಲ್ಲಿ ಈ ಒಪ್ಪಂದದ ವ್ಯಾಪ್ತಿಗೆ ಬಂತು. ಕೊಲ್ಲಿ ದೇಶಗಳಲ್ಲಿ ಒಮಾನ್ ಮತ್ತು ಬಹ್ರೇನ್ ಮೊದಲೇ ಸೇರಿದ್ದವು, ಸೌದಿ ಅರೇಬಿಯಾದಲ್ಲಿ ಅದು 2022ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಯುಎಇ, ಕುವೈತ್, ಕತಾರ್ ಇದರಲ್ಲಿ ಇಲ್ಲ. ನಿಮ್ಮ ಏಜೆಂಟರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಸೌದಿಗೆ ಹೋಗುವವರಿಗೆ ಮಾಡಿಸಿಕೊಟ್ಟ ಕೆಲಸವನ್ನೇ ನಿಮಗೂ ಹೇಳುತ್ತಿರಬಹುದು. ಆದರೆ ದುಬೈಗೆ ಬೇಕಾದದ್ದು ಹಳೆಯ ಪದ್ಧತಿಯ ಅಟೆಸ್ಟೇಶನ್, ಅಂದರೆ ಒಂದರ ಮೇಲೊಂದು ಮುದ್ರೆ ಬೀಳುವ ಸರಪಳಿ.

ಈ ಸರಪಳಿಯ ತರ್ಕವನ್ನು ತಿಳಿದುಕೊಂಡರೆ ಯಾವ ಏಜೆಂಟರೂ ನಿಮಗೆ ಗೊಂದಲ ಹುಟ್ಟಿಸಲಾರರು. ಇಲ್ಲಿ ಯಾವ ಕಚೇರಿಯೂ ನಿಮ್ಮ ಮದುವೆ ನಡೆಯಿತೇ ಇಲ್ಲವೇ ಎಂದು ವಿಚಾರಣೆ ಮಾಡುವುದಿಲ್ಲ. ತನಗಿಂತ ಹಿಂದೆ ಸಹಿ ಮಾಡಿದ ಅಧಿಕಾರಿಯ ಸಹಿ ಮತ್ತು ಮುದ್ರೆ ಅಸಲಿ ಎಂದು ಮಾತ್ರ ದೃಢಪಡಿಸುತ್ತದೆ. ಕುಂದಾಪುರದ ಸಬ್‌ರಿಜಿಸ್ಟ್ರಾರರ ಸಹಿಯನ್ನು ರಾಜ್ಯ ಸರ್ಕಾರ ದೃಢೀಕರಿಸಬೇಕು. ವೈಯಕ್ತಿಕ ದಾಖಲೆಗಳಿಗೆ ವಿದೇಶಾಂಗ ಸಚಿವಾಲಯ ಒಪ್ಪುವುದು ರಾಜ್ಯದ ಗೃಹ ಇಲಾಖೆ ಅಥವಾ ಸಾಮಾನ್ಯ ಆಡಳಿತ ಇಲಾಖೆಯ ಮುದ್ರೆಯನ್ನು, ಅಂದರೆ ಈ ಕೆಲಸ ಬೆಂಗಳೂರಿನಲ್ಲಿ ಆಗುತ್ತದೆ. ರಾಜ್ಯದ ಅಧಿಕಾರಿಯ ಸಹಿಯನ್ನು ವಿದೇಶಾಂಗ ಸಚಿವಾಲಯ ದೃಢೀಕರಿಸುತ್ತದೆ. ಸಚಿವಾಲಯದ ಮುದ್ರೆಯನ್ನು ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ದೃಢೀಕರಿಸುತ್ತದೆ. ಕೊನೆಯದಾಗಿ, ಕಾಗದ ದುಬೈ ತಲುಪಿದ ಮೇಲೆ, ಆ ರಾಯಭಾರ ಕಚೇರಿಯ ಮುದ್ರೆಯನ್ನು ಯುಎಇ ವಿದೇಶಾಂಗ ಸಚಿವಾಲಯ ದೃಢೀಕರಿಸುತ್ತದೆ. ಈ ಸಚಿವಾಲಯವನ್ನು ಅಲ್ಲಿ ಎಲ್ಲರೂ ಮೋಫಾ ಎನ್ನುತ್ತಾರೆ. ಒಂದು ಕೊಂಡಿ ಬಿಟ್ಟುಹೋದರೆ ಮುಂದಿನವರ ಬಳಿ ಹೋಲಿಸಿ ನೋಡಲು ಏನೂ ಇರುವುದಿಲ್ಲ, ಆದ್ದರಿಂದಲೇ ಕ್ರಮವನ್ನು ಹಿಂದುಮುಂದು ಮಾಡಲು ಬರುವುದಿಲ್ಲ.

ವಿದೇಶಾಂಗ ಸಚಿವಾಲಯ 2012ರಿಂದ ಸಾರ್ವಜನಿಕರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ತಾನು ನೇಮಿಸಿದ ಸೇವಾ ಸಂಸ್ಥೆಗಳ ಮೂಲಕವೇ ತೆಗೆದುಕೊಳ್ಳುತ್ತದೆ. 2019ರಿಂದ ಈ ಕೆಲಸ ದೆಹಲಿಗೆ ಸೀಮಿತವಾಗದೆ ಬೆಂಗಳೂರೂ ಸೇರಿದಂತೆ ಹಲವು ನಗರಗಳಲ್ಲಿ ನಡೆಯುತ್ತಿದೆ. ಹಾಗಾಗಿ ಮಧ್ಯವರ್ತಿ ಇರುವುದರಲ್ಲಿ ತಪ್ಪಿಲ್ಲ. ಆದರೆ ಅರ್ಜಿ ಕೊಟ್ಟ ಪ್ರತಿ ಹಂತದ ರಸೀದಿಯನ್ನು ಕೇಳಿ ಪಡೆಯಿರಿ. ಮೂಲ ಸರ್ಟಿಫಿಕೇಟನ್ನು ಲ್ಯಾಮಿನೇಟ್ ಮಾಡಿಸಬೇಡಿ, ಮುದ್ರೆ ಮತ್ತು ಸ್ಟಿಕರ್‌ಗಳು ಅದರ ಹಿಂಬದಿಗೇ ಬೀಳುತ್ತವೆ. ಕಾಗದ ವಾಪಸ್ ಬಂದಾಗ ಹಿಂಬದಿ ತಿರುಗಿಸಿ ನೋಡಿ: ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ಯುಎಇ ಕಚೇರಿಯದ್ದು, ಈ ಮೂರೂ ಇರಬೇಕು. ಸಚಿವಾಲಯದ ಸ್ಟಿಕರ್ ಮೇಲೆ ‘ಅಪಾಸ್ಟಿಲ್’ ಎಂಬ ತಲೆಬರಹವಿದ್ದರೆ ಅದು ತಪ್ಪು ಮುದ್ರೆ. ರಾಜ್ಯದ ಹಂತವನ್ನು ತಪ್ಪಿಸಿ ಬೇರೆ ದಾರಿಯಿಂದ ಬೇಗ ಮಾಡಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಆ ದಾರಿಯನ್ನು ಯುಎಇ ಕಚೇರಿ ಒಪ್ಪದಿದ್ದರೆ ಹಣವೂ ಸಮಯವೂ ನಿಮ್ಮದೇ ಹೋಗುತ್ತದೆ. ಇನ್ನು ನಕಲಿ ಮುದ್ರೆ ಸಿಕ್ಕಿಬಿದ್ದರೆ ಅದು ಅಲ್ಲಿ ಫೋರ್ಜರಿ ಪ್ರಕರಣವಾಗುತ್ತದೆ. ಅರ್ಜಿಯಲ್ಲಿ ಹೆಸರಿರುವುದು ನಿಮ್ಮ ಯಜಮಾನರದ್ದೇ ಹೊರತು ಏಜೆಂಟರದ್ದಲ್ಲ.

ಸಬ್‌ರಿಜಿಸ್ಟ್ರಾರ್ ಕೊಟ್ಟ ಸರ್ಟಿಫಿಕೇಟೇ ಈ ಸರಪಳಿಯ ಆರಂಭ. ಅದು ನಿಮ್ಮ ಕೈಯಲ್ಲಿರುವುದು ಒಳ್ಳೆಯದಾಯಿತು. ದೇವಸ್ಥಾನದ ಪತ್ರ, ಲಗ್ನಪತ್ರಿಕೆ, ಫೋಟೊಗಳು ನೋಂದಣಿಗೆ ಆಧಾರವಾಗುತ್ತವೆಯೇ ಹೊರತು ರಾಜ್ಯ ಸರ್ಕಾರ ಅವುಗಳ ಮೇಲೆ ಮುದ್ರೆ ಹಾಕುವುದಿಲ್ಲ. ಇದನ್ನು ಓದುತ್ತಿರುವ ಭಟ್ಕಳ, ಮಂಗಳೂರು ಕಡೆಯ ಮುಸ್ಲಿಂ ಓದುಗರಿಗೂ ಒಂದು ಮಾತು ಹೇಳಬೇಕು. ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ನೀಡಿದ್ದ 2023ರ ಸರ್ಕಾರಿ ಆದೇಶಕ್ಕೆ ಕರ್ನಾಟಕ ಹೈಕೋರ್ಟ್ 2024ರ ನವೆಂಬರಿನಲ್ಲಿ ತಡೆ ನೀಡಿತು. ಆ ಪತ್ರವನ್ನೇ ನೆಚ್ಚಿಕೊಂಡಿರುವವರು ಅಟೆಸ್ಟೇಶನ್‌ಗೆ ಹಣ ಕಟ್ಟುವ ಮೊದಲು ಅದನ್ನು ರಾಜ್ಯದ ಹಂತದಲ್ಲಿ ಒಪ್ಪುತ್ತಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಅನುವಾದದ ಮಾತಿಗೆ ಬರೋಣ. ನಿಮ್ಮ ಸರ್ಟಿಫಿಕೇಟ್ ಕನ್ನಡದಲ್ಲೇ ಉಳಿದರೆ ಎರಡು ಅನುವಾದಗಳು ಬೇಕು, ಅವು ಎರಡು ಬೇರೆ ಬೇರೆ ಘಟ್ಟಗಳಲ್ಲಿ ಆಗಬೇಕು. ಕನ್ನಡದಿಂದ ಇಂಗ್ಲಿಷಿಗೆ ಮಾಡುವ ಮೊದಲ ಅನುವಾದ ಸರಪಳಿ ಶುರುವಾಗುವ ಮೊದಲು, ಇಲ್ಲಿಯೇ. ಇಂಗ್ಲಿಷಿನಿಂದ ಅರೇಬಿಕ್‌ಗೆ ಮಾಡುವ ಎರಡನೆಯದು ಸರಪಳಿ ಪೂರ್ತಿಯಾದ ಮೇಲೆ, ದುಬೈನಲ್ಲಿ.

ಮೊದಲನೆಯದು ಏಕೆ ಬೇಕೆಂದರೆ, ಕನ್ನಡವನ್ನು ನೇರವಾಗಿ ಅರೇಬಿಕ್‌ಗೆ ತರಬಲ್ಲ, ಅದಕ್ಕೆ ಪರವಾನಗಿಯೂ ಇರುವ ಅನುವಾದಕರು ದುಬೈನಲ್ಲಿ ಸಿಗುವುದು ಬಹಳ ಕಷ್ಟ. ಅನುವಾದಕರಿಂದ ಇಂಗ್ಲಿಷ್ ಪ್ರತಿ ಮಾಡಿಸಿ, ಅದು ಮೂಲಕ್ಕೆ ನಿಷ್ಠವಾಗಿದೆ ಎಂಬ ಅವರ ಹೇಳಿಕೆ, ಸಹಿ, ದಿನಾಂಕ ಹಾಕಿಸಿ, ನೋಟರಿಯಿಂದ ದೃಢೀಕರಿಸಿ, ಮೂಲ ಸರ್ಟಿಫಿಕೇಟಿನ ಜೊತೆಗೆ ಲಗತ್ತಿಸಿ ರಾಜ್ಯದ ಹಂತಕ್ಕೆ ಕೊಡಿ. ಹೀಗೆ ಮಾಡಿದರೆ ಮುಂದಿನ ಮುದ್ರೆಗಳು ಎರಡನ್ನೂ ಸೇರಿಸಿಯೇ ಬೀಳುತ್ತವೆ. ಅನುವಾದವನ್ನು ಆಮೇಲೆ ಮಾಡಿಸಿ ಪ್ರತ್ಯೇಕವಾಗಿ ಒಯ್ದರೆ, ಅದಕ್ಕೆ ಯಾವ ಬೆಂಬಲವೂ ಇಲ್ಲದೆ ಬರಿಯ ನೋಟರಿ ಕಾಗದವಾಗಿ ಉಳಿಯುತ್ತದೆ.

ಅನುವಾದಕರಿಗೆ ಸರ್ಟಿಫಿಕೇಟಿನ ಜೊತೆಗೆ ನಿಮ್ಮಿಬ್ಬರ ಪಾಸ್‌ಪೋರ್ಟ್ ಪ್ರತಿಯನ್ನೂ ಕೊಡಿ. ಕನ್ನಡದ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ನಾಲ್ಕು ರೀತಿ ಬರೆಯಬಹುದು. ಪಾಸ್‌ಪೋರ್ಟ್ ಎದುರಿಗಿಲ್ಲದಿದ್ದರೆ ಅನುವಾದಕರು ತಮಗೆ ರೂಢಿಯಾದ ಕಾಗುಣಿತವನ್ನು ಬಳಸುತ್ತಾರೆ, ತಪ್ಪು ಹುಟ್ಟುವುದು ಅಲ್ಲಿಯೇ. ಆದರೆ ಅಕ್ಷರಗಳನ್ನು ಪಾಸ್‌ಪೋರ್ಟಿನಂತೆ ಬರೆಯುವುದು ಬೇರೆ, ಸರ್ಟಿಫಿಕೇಟಿನಲ್ಲಿ ಇಲ್ಲದ್ದನ್ನು ಸೇರಿಸುವುದು ಬೇರೆ. ಮೂಲದಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಅನುವಾದದಲ್ಲಿಯೂ ಇನಿಷಿಯಲ್ಲೇ ಇರಬೇಕು. ಅನುಕೂಲವಾಗಲಿ ಎಂದು ಅದನ್ನು ಬಿಡಿಸಿ ಬರೆಸಿದರೆ ಅನುವಾದವೇ ಸುಳ್ಳಾಗುತ್ತದೆ, ಎರಡೂ ಭಾಷೆ ಬಲ್ಲ ಒಬ್ಬ ಅಧಿಕಾರಿ ಸಿಕ್ಕರೂ ಸಾಕು, ಇಡೀ ಕಡತ ಸಂಶಯಕ್ಕೆ ಒಳಗಾಗುತ್ತದೆ. ತಂದೆಯ ಹೆಸರಿನ ಅಂಕಣ ಇರುವುದರಿಂದ ನಿಮಗೆ ಅದರ ಅಗತ್ಯವೂ ಇಲ್ಲ. ಆ ಅಂಕಣದಲ್ಲಿರುವ ತಂದೆಯ ಹೆಸರಿನ ಕಾಗುಣಿತ ಹೊಸ ಪಾಸ್‌ಪೋರ್ಟಿನ ಸರ್‌ನೇಮ್‌ಗೆ ಅಕ್ಷರಶಃ ಹೊಂದಿದರೆ ಸಾಕು.

ಎರಡನೆಯ ಅನುವಾದವನ್ನು ಯುಎಇ ನ್ಯಾಯ ಸಚಿವಾಲಯದ ಪರವಾನಗಿ ಇರುವ ಕಾನೂನು ಅನುವಾದಕರೇ ಮಾಡಬೇಕು, ಅದರ ಮೇಲೆ ಅವರ ಮುದ್ರೆ ಮತ್ತು ಪರವಾನಗಿ ಸಂಖ್ಯೆ ಇರಬೇಕು. ಮಂಗಳೂರಿನಲ್ಲೋ ಮುಂಬೈಯಲ್ಲೋ ಎಷ್ಟೇ ಚೆನ್ನಾಗಿ ಅರೇಬಿಕ್‌ಗೆ ತಂದರೂ ಅದಕ್ಕೆ ಅಲ್ಲಿ ಬೆಲೆಯಿಲ್ಲದಿರುವುದು ಈ ಕಾರಣಕ್ಕೆ. ಮೋಫಾ ದೃಢೀಕರಣ ಆದ ಮೇಲೆಯೇ ಇದನ್ನು ಮಾಡಿಸಲು ಯಜಮಾನರಿಗೆ ಹೇಳಿ, ಆಗ ಹಿಂಬದಿಯ ಮುದ್ರೆಗಳ ವಿವರವೂ ಅನುವಾದದಲ್ಲಿ ಬರುತ್ತದೆ. ಮೋಫಾ ಅರ್ಜಿ ಆನ್‌ಲೈನಿನಲ್ಲಿ ಆಗುತ್ತದೆ, ವೈಯಕ್ತಿಕ ದಾಖಲೆಗೆ ಶುಲ್ಕ 150 ದಿರ್ಹಮ್.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮವಿದೆ. ನಿಮ್ಮ ಯಜಮಾನರ ಎಮಿರೇಟ್ಸ್ ಐಡಿ ಮೇಲೆ ಅವರ ಹೆಸರು ಈಗಾಗಲೇ ಅರೇಬಿಕ್‌ನಲ್ಲಿ ಅಚ್ಚಾಗಿದೆ. ಅರೇಬಿಕ್‌ನಲ್ಲಿ ನಮ್ಮ ‘ಪ’, ‘ಚ’, ‘ಟ’ಗಳಿಗೆ ನೇರ ಅಕ್ಷರಗಳಿಲ್ಲದ ಕಾರಣ ಒಬ್ಬೊಬ್ಬ ಅನುವಾದಕರು ಒಂದೊಂದು ರೀತಿ ಬರೆಯುತ್ತಾರೆ. ಮದುವೆ ಸರ್ಟಿಫಿಕೇಟಿನ ಅನುವಾದದಲ್ಲಿ ಗಂಡನ ಹೆಸರು ಐಡಿಯಲ್ಲಿರುವ ರೂಪಕ್ಕಿಂತ ಬೇರೆಯಾಗಿದ್ದರೆ ಕೌಂಟರಿನಲ್ಲಿ ಪ್ರಶ್ನೆ ಏಳುತ್ತದೆ. ಅನುವಾದಕರಿಗೆ ಐಡಿಯ ಪ್ರತಿ ಕೊಟ್ಟು, ಅದೇ ರೂಪದಲ್ಲಿ ಬರೆಯುವಂತೆ ಕೇಳಿಕೊಂಡರೆ ಈ ತೊಂದರೆ ಇರುವುದಿಲ್ಲ.

ಕಾಗದಗಳು ಹೀಗೆ ಓಡಾಡುತ್ತಿರುವಾಗ ನಿಮ್ಮ ಯಜಮಾನರು ಅಲ್ಲಿ ಮಾಡಿಕೊಳ್ಳಬೇಕಾದ ಕೆಲಸ ಮನೆಯದು. ಸಂಬಳದ ವಿಷಯದಲ್ಲಿ ಚಿಂತೆಯಿಲ್ಲ. ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇದ್ದರೆ ಸಾಕು. 2019ರಿಂದ ಹುದ್ದೆಯ ಹೆಸರನ್ನು ನೋಡದೆ ಆದಾಯವನ್ನೇ ಮಾನದಂಡ ಮಾಡಲಾಗಿದೆ. ಆದರೆ 5,500 ಎಂಬ ಮೊತ್ತ ಉದ್ಯೋಗ ಒಪ್ಪಂದದಲ್ಲಿಯೂ ಸಂಬಳದ ಸರ್ಟಿಫಿಕೇಟಿನಲ್ಲಿಯೂ ಕಾಣಬೇಕು. ಒಪ್ಪಂದದಲ್ಲಿ ಕಡಿಮೆ ತೋರಿಸಿ ಉಳಿದದ್ದನ್ನು ಕೈಯಲ್ಲಿ ಕೊಡುವ ಕಂಪನಿಯಾಗಿದ್ದರೆ ಆ ಉಳಿದ ಹಣ ಲೆಕ್ಕಕ್ಕೆ ಬರುವುದಿಲ್ಲ.

ಬೆಡ್ ಸ್ಪೇಸ್ ಮೇಲೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ. ಯಜಮಾನರ ಹೆಸರಿನಲ್ಲಿ ನೋಂದಣಿಯಾದ ಬಾಡಿಗೆ ಒಪ್ಪಂದ ಬೇಕು, ದುಬೈನಲ್ಲಿ ಇದಕ್ಕೆ ಎಜಾರಿ ಎನ್ನುತ್ತಾರೆ. ಇನ್ನೊಬ್ಬರ ಫ್ಲ್ಯಾಟಿನಲ್ಲಿ ಒಂದು ಕೋಣೆ ಹಿಡಿದು, ಎಜಾರಿ ಆ ಮೂಲ ಬಾಡಿಗೆದಾರರ ಹೆಸರಿನಲ್ಲೇ ಇರುವುದು ಅಲ್ಲಿ ಸಾಮಾನ್ಯ. ಕೋಣೆ ನೋಡುವಾಗಲೇ ಎಜಾರಿ ಯಾರ ಹೆಸರಿಗೆ ಆಗುತ್ತದೆ ಎಂದು ಕೇಳಬೇಕು. 5,500 ದಿರ್ಹಮ್ ಸಂಬಳದಲ್ಲಿ ಬಾಡಿಗೆ, ಅದರ ಮುಂಗಡ ಚೆಕ್ಕುಗಳು, ನಿಮ್ಮ ಆರೋಗ್ಯ ವಿಮೆ ಇವೆಲ್ಲವೂ ಹೊಂದಬೇಕು. ದುಬೈನಲ್ಲಿ ಅವಲಂಬಿತರ ವಿಮೆ ಪ್ರಾಯೋಜಕರ ಹೊಣೆ, ಕಂಪನಿ ಕೊಡುತ್ತದೆ ಎಂದು ಲಿಖಿತವಾಗಿ ಇಲ್ಲದಿದ್ದರೆ ಅದನ್ನು ನಿಮ್ಮ ಖರ್ಚಿಗೇ ಸೇರಿಸಿಕೊಳ್ಳಿ. ನಿಜವಾಗಿ ನೋಡಿದರೆ, ನಿಮ್ಮ ಕಡತದಲ್ಲಿ ಮದುವೆ ಸರ್ಟಿಫಿಕೇಟಿಗಿಂತ ಹೆಚ್ಚು ಕಾಲ ಹಿಡಿಯುವುದು ಮನೆಯೇ ಇರಬಹುದು.

ಇಷ್ಟೂ ಕೈಗೆ ಬಂದ ಮೇಲೆ ಯಜಮಾನರು ವೀಸಾ ಅರ್ಜಿ ಸ್ವೀಕರಿಸುವ ಆಮೆರ್ ಕೇಂದ್ರದಲ್ಲಿ ಅಥವಾ ದುಬೈ ವಲಸೆ ಇಲಾಖೆಯ ಆನ್‌ಲೈನ್ ಸೇವೆಯಲ್ಲಿ ನಿಮ್ಮ ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕುತ್ತಾರೆ. ಪರ್ಮಿಟ್ ಬಂದ ದಿನದಿಂದ 60 ದಿನದೊಳಗೆ ನೀವು ಪ್ರವೇಶಿಸಬೇಕು, ಪ್ರವೇಶಿಸಿದ ದಿನದಿಂದ 60 ದಿನದೊಳಗೆ ರೆಸಿಡೆನ್ಸಿಗೆ ಅರ್ಜಿ ಹಾಕಬೇಕು. ಕೆಲಸಕ್ಕೆ ರಾಜೀನಾಮೆ ಕೊಡುವುದು, ಟಿಕೆಟ್ ತೆಗೆಯುವುದು ಪರ್ಮಿಟ್ ಕಣ್ಣಿಗೆ ಕಂಡ ಮೇಲೆ ಸಾಕು. ಅಲ್ಲಿ ಮೆಡಿಕಲ್ ಪರೀಕ್ಷೆಯಲ್ಲಿ ರಕ್ತ ಪರೀಕ್ಷೆ ಮತ್ತು ಕ್ಷಯಕ್ಕಾಗಿ ಎದೆಯ ಎಕ್ಸ್-ರೇ ಇರುತ್ತವೆ. ಗರ್ಭಿಣಿಯಾಗಿದ್ದರೆ, ಅಥವಾ ಅನುಮಾನವಿದ್ದರೂ, ಎಕ್ಸ್-ರೇಗೆ ಮೊದಲೇ ಹೇಳಿಬಿಡಿ. ಆಮೇಲೆ ಬೆರಳಚ್ಚು ಕೊಟ್ಟು ಎಮಿರೇಟ್ಸ್ ಐಡಿ ಪಡೆಯುತ್ತೀರಿ. ನಿಮ್ಮ ರೆಸಿಡೆನ್ಸಿಯ ಅವಧಿ ಯಜಮಾನರ ವೀಸಾದ ಅವಧಿಯನ್ನು ಮೀರುವುದಿಲ್ಲ.

ಮೊದಲು ವಿಸಿಟ್ ವೀಸಾದಲ್ಲಿ ಬಂದು, ಅಲ್ಲಿಯೇ ಫ್ಯಾಮಿಲಿ ವೀಸಾಕ್ಕೆ ಬದಲಿಸಿಕೊಳ್ಳಿ ಎಂದು ಯಾರಾದರೂ ಹೇಳಬಹುದು. ಹೆಚ್ಚಿನ ಶುಲ್ಕ ಕೊಟ್ಟು ಹಾಗೆ ಬದಲಿಸಿಕೊಳ್ಳಲು ಅವಕಾಶವೂ ಇದೆ. ಆದರೆ ಭಾರತದ ಮೂರು ಮುದ್ರೆಗಳು ಬೀಳದೆ ನೀವು ಹೊರಟುಬಿಟ್ಟರೆ ಸರ್ಟಿಫಿಕೇಟ್ ಕೊರಿಯರಿನಲ್ಲಿ ಮತ್ತೆ ಬೆಂಗಳೂರಿಗೆ ಬರಬೇಕು, ಇತ್ತ ವಿಸಿಟ್ ವೀಸಾದ ದಿನಗಳು ಕರಗುತ್ತಿರುತ್ತವೆ. ಜೊತೆಗೆ ಈಗಿನ ಒಂಟಿ ಹೆಸರಿನ ಪಾಸ್‌ಪೋರ್ಟಿನಲ್ಲಿ ಆ ದಾರಿ ನಿಮಗೆ ಮೊದಲ ಹೆಜ್ಜೆಯಲ್ಲೇ ಮುಚ್ಚಿಹೋಗಬಹುದು.

ರೆಸಿಡೆನ್ಸಿ ಸಿಕ್ಕ ಮೇಲೆ ಅಲ್ಲಿ ಕೆಲಸ ಮಾಡುವ ಇಚ್ಛೆ ನಿಮಗಿದ್ದರೆ, ಗಂಡನ ಪ್ರಾಯೋಜಕತ್ವದಲ್ಲೇ ಉಳಿದು, ಕೆಲಸ ಕೊಡುವ ಕಂಪನಿಯ ಮೂಲಕ ಪ್ರತ್ಯೇಕ ವರ್ಕ್ ಪರ್ಮಿಟ್ ಪಡೆಯಬಹುದು. ಅದಿಲ್ಲದೆ ಸಂಬಳಕ್ಕೆ ದುಡಿಯುವುದು ಕಾನೂನುಬಾಹಿರ. ಹಾಗೆ ಕೆಲಸ ಮಾಡುವ ಯೋಚನೆ ಇದ್ದರೆ ನಿಮ್ಮ ಪದವಿ ಸರ್ಟಿಫಿಕೇಟನ್ನೂ ಊರಿನಲ್ಲಿರುವಾಗಲೇ ಅಟೆಸ್ಟ್ ಮಾಡಿಸಿಕೊಳ್ಳುವುದು ಲೇಸು. ಅದರ ಸರಪಳಿ ಶಿಕ್ಷಣದ ಕಡೆಯಿಂದ ಆರಂಭವಾಗುವುದರಿಂದ ಮದುವೆ ಸರ್ಟಿಫಿಕೇಟಿನ ಜೊತೆ ಒಂದೇ ಅರ್ಜಿಯಲ್ಲಿ ಆಗುವುದಿಲ್ಲ. ಒಂದು ವಿಷಯ ನೆನಪಿನಲ್ಲಿಡಿ: ಊರಿಗೆ ಬಂದು ಸತತವಾಗಿ ಆರು ತಿಂಗಳಿಗಿಂತ ಹೆಚ್ಚು ಉಳಿದರೆ ರೆಸಿಡೆನ್ಸಿ ರದ್ದಾಗುತ್ತದೆ. ಹೆರಿಗೆಗೆಂದು ತವರಿಗೆ ಬರುವವರು ಈ ಲೆಕ್ಕವನ್ನು ಮರೆತು ತೊಂದರೆಗೆ ಸಿಲುಕುತ್ತಾರೆ. ಹಾಗಾದರೆ ಎಂಟ್ರಿ ಪರ್ಮಿಟ್‌ನಿಂದ ಮತ್ತೆ ಶುರು ಮಾಡಬೇಕಾಗಬಹುದು. ಆಗಲೂ ಮುದ್ರೆ ಬಿದ್ದ ಮೂಲ ಸರ್ಟಿಫಿಕೇಟ್ ಮತ್ತು ಅರೇಬಿಕ್ ಅನುವಾದ ಉಪಯೋಗಕ್ಕೆ ಬರುವುದರಿಂದ, ಎರಡನ್ನೂ ಸ್ಕ್ಯಾನ್ ಮಾಡಿಟ್ಟು, ಮೂಲವನ್ನು ಅರ್ಜಿ ತುಂಬಿಕೊಡುವ ಯಾವ ಟೈಪಿಂಗ್ ಸೆಂಟರಿನಲ್ಲಿಯೂ ಬಿಟ್ಟು ಬರದಂತೆ ಯಜಮಾನರಿಗೆ ಹೇಳಿ.